ಕೆನ್ನೆಯ ಮೇಲಿನ ಧೂಳು

ನೊಣ ಅಂದುಕೊಂಡು ಟವೆಲ್ ಬೀಸಿದೆ. ಹೋಗಲಿಲ್ಲ. ಹತ್ತಿರ ಹೋಗಿ ಮಾನಿಟರ್ ಗಾಜನ್ನು ಬೆರಳಲ್ಲಿ ಉಜ್ಜಿದೆ. ಆಗಲೂ ಹೋಗಲಿಲ್ಲ. ವಿಡಿಯೋ ನಿಲ್ಲಿಸಿ ಮುಂದಿನ ಕ್ಲಿಪ್ ಹಾಕಿದಾಗ ಮಾತ್ರ ಮಾಯವಾಯಿತು. ಹಿಂದಿನ ಕ್ಲಿಪ್ಪಿಗೆ ಹೋದರೆ ಮತ್ತೆ ಅಲ್ಲೇ, ಮೇಲ್ಗಡೆ ಎಡಕ್ಕೆ, ಕರಿ ಅಲ್ಲ, ಬೂದಿ ಅಲ್ಲ, ಒಂದು ಮಬ್ಬು ಚುಕ್ಕೆ.

ಸಂಡೂರಿನ ಮದುವೆಯ ಕೆಲಸ ಅದು. ಮದುವೆಗೆ ಎರಡು ದಿನ ಮುಂಚೆ ಹುಡುಗ ಹುಡುಗಿಯನ್ನು ನಾರಿಹಳ್ಳ ಜಲಾಶಯದ ಏರಿಯ ಮೇಲೆ ನಿಲ್ಲಿಸಿ ಒಂದಿಷ್ಟು ಶೂಟ್ ಮಾಡಿದ್ದೆವು. ನೀರಿನಿಂದ ಶುರುವಾಗಿ, ಜೋಡಿಯನ್ನು ದಾಟಿ, ಗುಡ್ಡದ ಸಾಲಿನ ಮೇಲೆ ನಿಲ್ಲುವ ಒಂದು ಪ್ಯಾನ್. ಹನ್ನೆರಡು ಸೆಕೆಂಡು. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಟ್ಟು 300 ಫ್ರೇಮ್. ಇಡೀ ಮದುವೆ ಫುಟೇಜಿನಲ್ಲಿ ನನಗೆ ಹೆಮ್ಮೆ ಅನಿಸಿದ ಶಾಟ್ ಅದೊಂದೇ. ಅದರ 300 ಫ್ರೇಮಿನಲ್ಲೂ ಚುಕ್ಕೆ ಇತ್ತು.

ಕ್ಯಾಮೆರಾ ತಿರುಗುತ್ತದೆ, ನೀರು ಸರಿಯುತ್ತದೆ, ಗುಡ್ಡ ಬರುತ್ತದೆ, ಚುಕ್ಕೆ ಮಾತ್ರ ಕದಲುವುದಿಲ್ಲ. ಅದಕ್ಕೇ ಕಣ್ಣಿಗೆ ಬೀಳುವುದು. ಒಂದು ಫ್ರೇಮ್ ನಿಲ್ಲಿಸಿ ನೋಡಿದರೆ ಮೋಡದ ಚೂರು ಅಂತ ಬಿಟ್ಟುಬಿಡಬಹುದು. ಓಡಿಸಿದರೆ ಗಾಜಿನ ಮೇಲೆ ಏನೋ ಕೂತಿದೆ ಅಂತ ಮಗುವಿಗೂ ಗೊತ್ತಾಗುತ್ತದೆ. ಪ್ಯಾನ್ ನಡುವೆ ಹುಡುಗಿಯ ಮುಖ ಸರಿಯಾಗಿ ಅದರ ಕೆಳಗೆ ಹಾದುಹೋಗುತ್ತಿತ್ತು. ಮೊದಲ ಎಡಿಟ್ ನೋಡಲು ಬಂದಿದ್ದ ಅವಳ ಅಜ್ಜಿ ಒಂದೇ ಸಲಕ್ಕೆ ಹಿಡಿದರು. "ಇರ್ಲಿ ಬಿಡಪ್ಪಾ, ದೃಷ್ಟಿ ಬೊಟ್ಟು ಇದ್ದಂಗೈತಿ" ಅಂದರು. ದುಡ್ಡು ಕೊಡುವ ಮಾವ ನಗಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಹುಡುಗನನ್ನು ಕೇಳಿದೆ. "ಆ ಶಾಟ್ ಆದ್ಮೇಲೆ ಲೆನ್ಸ್ ಒರೆಸಿದ್ದೆ ಅಣ್ಣಾ, ಧೂಳಿತ್ತು" ಅಂದ. ಸಂಡೂರಿನ ರಸ್ತೆ ಗೊತ್ತಲ್ವಾ, ಅದಿರು ಲಾರಿ ಒಂದು ಹೋದರೆ ಹಿಂದೆ ಬರುವವನ ಬಿಳಿ ಅಂಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಯಾತರಿಂದ ಒರೆಸಿದೆ ಅಂತ ಕೇಳಿದ್ದಕ್ಕೆ ಟೀ ಶರ್ಟ್ ತುದಿ ತೋರಿಸಿದ. ಹೊಟ್ಟೆ ಉರಿಯಿತು. ಸಂಡೂರಿನ ಅದಿರು ಹೆಮಟೈಟ್. ಗಡಸುತನದಲ್ಲಿ ಅದು ಹೆಚ್ಚುಕಡಿಮೆ ಗಾಜಿಗೇ ಸಮ. ಅಂಗಿಯಿಂದ ಒರೆಸುವುದು ಅಂದರೆ ಲೆನ್ಸಿನ ಲೇಪಕ್ಕೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೆ. ಮೊದಲು ರಬ್ಬರ್ ಬ್ಲೋವರಿನಿಂದ ಗಾಳಿ ಹೊಡೆಯಬೇಕು, ಆಮೇಲೆ ಮೆತ್ತನೆ ಬ್ರಷ್. ಬಟ್ಟೆ ಕೊನೆಗೆ, ಅದೂ ಮೈಕ್ರೋಫೈಬರ್, ಒಂದು ಹನಿ ಕ್ಲೀನರ್ ಬಟ್ಟೆಗೆ ಹಾಕಿಕೊಂಡು. ಬಾಯಿಂದ ಊದಿದರೆ ಎಂಜಲು ಹೋಗಿ ಕೂರುತ್ತದೆ. ಇದನ್ನೆಲ್ಲ ಹೇಳಿದೆ. ಅವನು ಒಗ್ಗಾಣಿ ತಿನ್ನುತ್ತಾ ಕೇಳಿಸಿಕೊಂಡ. ನಿಜ ಹೇಳಬೇಕೆಂದರೆ ತಪ್ಪು ನನ್ನದೇ ಜಾಸ್ತಿ ಇತ್ತು.

ಲೆನ್ಸಿನ ಮುಂದಿನ ಗಾಜಿನ ಮೇಲೆ ಧೂಳು ಯಾವಾಗಲೂ ಇರುತ್ತದೆ. ಚಿತ್ರದಲ್ಲಿ ಕಾಣುವುದಿಲ್ಲ ಅಷ್ಟೆ. ದೂರದ ಒಂದು ಬಿಂದುವಿನಿಂದ ಬರುವ ಬೆಳಕಲ್ಲಿ ಚಿತ್ರಕ್ಕೆ ಸೇರುವುದು ಆ ಗಾಜಿನ ಒಂದು ದುಂಡನೆಯ ಜಾಗದ ಮೂಲಕ ಹೋಗುವುದಷ್ಟೆ. ಆ ಜಾಗದ ಅಗಲ ಎಷ್ಟು ಅಂದರೆ, ಫೋಕಲ್ ಉದ್ದವನ್ನು ಎಫ್ ನಂಬರಿನಿಂದ ಭಾಗಿಸಿದಷ್ಟು. ನಮ್ಮದು 18 ಮಿಲಿಮೀಟರ್. ಎಫ್ 2.8 ಇಟ್ಟಿದ್ದರೆ ಅಗಲ 6.4 ಮಿಲಿಮೀಟರ್. ಅದರಲ್ಲಿ ಅರ್ಧ ಮಿಲಿಮೀಟರಿನ ಒಂದು ಕಣ ಕೂತರೆ ನೂರರಲ್ಲಿ ಒಂದು ಪಾಲು ಬೆಳಕೂ ಕಡಿಮೆಯಾಗುವುದಿಲ್ಲ. ಆವತ್ತು ನಾನು ಇಟ್ಟಿದ್ದು ಎಫ್ 22. ಅಗಲ 0.8 ಮಿಲಿಮೀಟರ್. ಅದೇ ಕಣ ಈಗ ನೂರರಲ್ಲಿ ಸುಮಾರು 40 ಪಾಲು ಬೆಳಕು ತಿನ್ನುತ್ತದೆ. ದೊಡ್ಡ ಬಾಗಿಲಲ್ಲಿ ಬೆಕ್ಕು ಕೂತರೆ ಯಾರಿಗೂ ಅಡ್ಡಿಯಿಲ್ಲ, ಗವಾಕ್ಷಿಯಲ್ಲಿ ಕೂತರೆ ಅರ್ಧ ಮನೆ ಕತ್ತಲು.

ಎಫ್ 22 ಯಾಕೆ ಇಟ್ಟೆ? ಬೆಳಕು ತಗ್ಗಿಸುವ ಕಪ್ಪು ಗಾಜು, ಎನ್‌ಡಿ ಫಿಲ್ಟರ್, ಬಳ್ಳಾರಿಯಲ್ಲೇ ಮರೆತು ಬಂದಿದ್ದೆ. ಮಧ್ಯಾಹ್ನ ಮೂರೂವರೆ, ನಮ್ಮ ಕಡೆ ಬಿಸಿಲು. ಐಎಸ್‌ಒ 100, ಶಟರ್ 1/50. ಬಿಸಿಲಿನ ಹಳೇ ಲೆಕ್ಕದ ಪ್ರಕಾರ ಐಎಸ್‌ಒ 100ಕ್ಕೆ ಶಟರ್ 1/100 ಇದ್ದರೆ ಎಫ್ 16. ಶಟರ್ ಅರ್ಧ ನಿಧಾನ ಆದರೆ ಇನ್ನೊಂದು ಹೆಜ್ಜೆ ಮುಚ್ಚಬೇಕು, ಅಲ್ಲಿಗೆ 22. ಕಪ್ಪು ಗಾಜಿನ ಕೆಲಸವನ್ನು ಚಿಕ್ಕ ತೂತಿನಿಂದ ಮಾಡಿಸಿದೆ. ಧೂಳು ಬಂದು ಸಾಕ್ಷಿ ಹೇಳಿತು.

ಚುಕ್ಕೆ ಲೆನ್ಸಿನದೇ, ಸೆನ್ಸರಿನದಲ್ಲ ಅಂತ ಹೇಗೆ ಗೊತ್ತು? ಅದೇ ಏರಿಯ ಮೇಲೆ, ಒರೆಸುವ ಮುಂಚೆ, 35ಕ್ಕೆ ಜೂಮ್ ಮಾಡಿ ತೆಗೆದ ಒಂದು ಚೂರಿತ್ತು. ಅದರಲ್ಲಿ ಚುಕ್ಕೆ ಬೇರೆ ಜಾಗದಲ್ಲಿತ್ತು, ಇನ್ನೂ ದೊಡ್ಡದಾಗಿ, ತೆಳುವಾಗಿ. ಸೆನ್ಸರಿನ ಮೇಲೆ ಕೂತ ಧೂಳಿಗೆ ಜೂಮಿನ ಹಂಗಿಲ್ಲ, ಅದು ಜಾಗ ಬಿಡುವುದಿಲ್ಲ.

ಇನ್ನು ಅಳಿಸುವ ಕತೆ. ಮೊದಲು ಎಡಿಟಿಂಗ್ ಸಾಫ್ಟ್‌ವೇರಿನ Automatic Dirt Removal ಹಾಕಿದೆ. ಏನೂ ಆಗಲಿಲ್ಲ. ಆಗುವುದೂ ಇಲ್ಲ. ಅದು ಹಿಂದಿನ ಫ್ರೇಮ್, ಮುಂದಿನ ಫ್ರೇಮ್ ನೋಡಿ, ನಡುವೆ ಮಾತ್ರ ಇರುವುದನ್ನು ಕಸ ಅನ್ನುತ್ತದೆ. ಹಳೇ ಫಿಲ್ಮಿನ ಕಸ ಹಾಗೆಯೇ, ಒಂದು ಫ್ರೇಮಿಗೆ ಬಂದು ಹೋಗುತ್ತದೆ. ಎಲ್ಲ ಫ್ರೇಮಿನಲ್ಲೂ ಇರುವವನನ್ನು ಅದು ಮನೆಯವನೇ ಅಂದುಕೊಳ್ಳುತ್ತದೆ.

ಹುಡುಗ ಹಟ ಹಿಡಿದು ಒಂದೊಂದೇ ಫ್ರೇಮಿನಲ್ಲಿ ಪಕ್ಕದ ಆಕಾಶ ತಂದು ಮೆತ್ತಿದ. ಒಂದು ಸಂಜೆಗೆ ಅರವತ್ತು ಫ್ರೇಮ್. ಪ್ರತಿಯೊಂದೂ ನಿಲ್ಲಿಸಿ ನೋಡಿದರೆ ಚೊಕ್ಕ. ಓಡಿಸಿದರೆ ಆ ಜಾಗ ಅನ್ನದ ಗಂಜಿ ಹಾಗೆ ಕುದಿಯುತ್ತಿತ್ತು. ಕೈ ಒಂದೊಂದು ಸಲಕ್ಕೆ ಒಂದೊಂದು ಥರ ಮೆತ್ತಿರುತ್ತದಲ್ಲ. ಒಂದೇ ತೇಪೆಯನ್ನು ಎಲ್ಲ ಫ್ರೇಮಿಗೂ ಹಾಕಿದರೆ ಆಕಾಶಕ್ಕೆ ಸರಿ, ಗುಡ್ಡದ ಅಂಚು ಬಂದ ಕೂಡಲೇ ಅಂಚು ಮುರಿಯುತ್ತದೆ.

ಆಮೇಲೆ ಹಿಂದಿನ ಫ್ರೇಮಿನಿಂದ ಸಾಲ ತರುವ ದಾರಿ. ಕ್ಯಾಮೆರಾ ಫ್ರೇಮಿಗೆ 8 ಪಿಕ್ಸೆಲ್ ಸರಿಯುತ್ತಿತ್ತು, ಚುಕ್ಕೆ ಸುಮಾರು 60 ಪಿಕ್ಸೆಲ್ ಅಗಲ. ಹತ್ತು ಫ್ರೇಮ್ ಹಿಂದೆ ಹೋದರೆ 80 ಪಿಕ್ಸೆಲ್. ಅಂದರೆ ಈಗ ಚುಕ್ಕೆಯ ಅಡಿ ಇರುವ ಗುಡ್ಡ ಆಗ ಬಯಲಲ್ಲಿತ್ತು. ಅದನ್ನು ಕತ್ತರಿಸಿ, ಸರಿಸಿ, ಮೆತ್ತನೆ ಅಂಚಿನ ಮಾಸ್ಕ್ ಹಾಕಿ ಕೂರಿಸಿದೆ. ಗುಡ್ಡಕ್ಕೆ, ಏರಿಗೆ ಚೆನ್ನಾಗಿಯೇ ಕೂತಿತು. ಹುಡುಗಿಯ ಮುಖಕ್ಕೆ ಬಂದಾಗ ಕೆಟ್ಟಿತು. ಹತ್ತು ಫ್ರೇಮ್ ಅಂದರೆ ಅರ್ಧ ಸೆಕೆಂಡಿಗೆ ಸ್ವಲ್ಪ ಕಡಿಮೆ, ಅಷ್ಟರಲ್ಲಿ ಅವಳು ಅವನ ಕಡೆ ತಿರುಗಿ ನಕ್ಕಿದ್ದಳು. ನಗದ ಕೆನ್ನೆ ತಂದು ನಗುವ ಮುಖಕ್ಕೆ ಅಂಟಿಸಿದರೆ ಹೇಗಿರುತ್ತದೆ ನೀವೇ ಯೋಚಿಸಿ.

ಆ ರಾತ್ರಿ ಸುಮ್ನೆ ಚುಕ್ಕೆಯನ್ನೇ ದೊಡ್ಡದು ಮಾಡಿ ನೋಡುತ್ತಾ ಕೂತೆ. ಗುಡ್ಡ ಹಾದುಹೋಗುವಾಗ ಚುಕ್ಕೆಯ ಒಳಗೂ ಪೊದೆಗಳು ಕಾಣುತ್ತಿದ್ದವು! ಮಬ್ಬಾಗಿ ಅಲ್ಲ, ಹರಿತವಾಗಿಯೇ. ಕತ್ತಲು ಮಾತ್ರ. ಅಲ್ಲಿ ಏನೂ ಕಳೆದುಹೋಗಿರಲಿಲ್ಲ. ಇದು ಕಲೆ ಅಲ್ಲ, ನೆರಳು. 40 ಪಾಲು ಬೆಳಕು ಹೋಗಿದೆ, 60 ಪಾಲು ಚಿತ್ರವನ್ನು ಹೊತ್ತುಕೊಂಡು ಒಳಗೆ ಬಂದಿದೆ. ಅವಳ ಕೆನ್ನೆ ಬೇರೆಲ್ಲಿಂದಲೂ ತರಬೇಕಿಲ್ಲ. ಅಲ್ಲೇ ಇದೆ.

ಬೆಳಕು ಹೆಚ್ಚಿಸಿದರೆ ಆಯಿತಲ್ಲ ಅಂತ ಎತ್ತಿದೆ. ಆಕಾಶ ಸರಿಹೋಯಿತು, ಗುಡ್ಡದ ಮೇಲೆ ಬಿಳಿ ದೆವ್ವ ಬಂತು. ಅಂಕಿ ನೋಡಿದಾಗ ತಿಳಿಯಿತು. ಚುಕ್ಕೆಯ ಹೊರಗೆ ಆಕಾಶ 0.50, ಒಳಗೆ 0.30. ನಾನು 0.20 ಕೂಡಿಸಿದ್ದೆ. ಗುಡ್ಡ ಹೊರಗೆ 0.10, ಒಳಗೆ 0.06. ಅದಕ್ಕೂ 0.20 ಕೂಡಿಸಿದರೆ 0.26, ಇರಬೇಕಾದ್ದಕ್ಕಿಂತ ಎರಡೂವರೆ ಪಟ್ಟು. ಧೂಳು ಎಲ್ಲರ ಹತ್ತಿರ ಒಂದೇ ಮೊತ್ತ ಕಿತ್ತುಕೊಂಡಿಲ್ಲ, ಒಂದೇ ಪಾಲು ಕಿತ್ತುಕೊಂಡಿದೆ. ಕೂಡುವುದಲ್ಲ, 0.6ರಿಂದ ಭಾಗಿಸಬೇಕು. 0.30 ಆಗ 0.50, 0.06 ಆಗ 0.10. ಇನ್ನೊಂದು ಮಾತು. ಕ್ಯಾಮೆರಾ ತನ್ನ ಪ್ರೊಫೈಲಿನಲ್ಲಿ ಬೆಳಕಿನ ಕಡೆಯನ್ನು ಒತ್ತಿ ಬರೆದಿರುತ್ತದೆ. ಅದನ್ನು ಬಿಡಿಸಿ ಲೀನಿಯರ್‌ಗೆ ತಂದ ಮೇಲೆ ಭಾಗಿಸಬೇಕು, ಮುಗಿದ ಮೇಲೆ ವಾಪಸ್ ಒತ್ತಬೇಕು. ಇಲ್ಲದಿದ್ದರೆ ಆ ಪಾಲು ಆಕಾಶಕ್ಕೊಂದು, ಗುಡ್ಡಕ್ಕೊಂದು ಆಗುತ್ತದೆ.

0.6 ಇರುವುದು ಚುಕ್ಕೆಯ ನಡುವೆ. ಅಂಚಿಗೆ ಹೋದ ಹಾಗೆ ನಿಧಾನಕ್ಕೆ 1 ಆಗುತ್ತದೆ. ಹಾಗಾಗಿ ನೆರಳಿನ ಪೂರ್ತಿ ನಕ್ಷೆ ಬೇಕು. ಶಾಟಿನ ಶುರುವಿನಲ್ಲಿ 40 ಫ್ರೇಮ್ ಚುಕ್ಕೆಯ ಅಡಿ ಬರೀ ಆಕಾಶ ಇತ್ತು. ಅವನ್ನು ಸರಾಸರಿ ಮಾಡಿದೆ, ನಾಯ್ಸ್ ಇಳಿಯಿತು. ಸುತ್ತಲಿನ ಆಕಾಶದಿಂದ ಭಾಗಿಸಿದೆ, ನೆರಳು ಮಾತ್ರ ಉಳಿಯಿತು. 300 ಫ್ರೇಮನ್ನೂ ಅದರಿಂದ ಭಾಗಿಸಿದೆ. ಅವಳು ತಿರುಗಿದಳು, ನಕ್ಕಳು, ಕೆನ್ನೆ ಕೆನ್ನೆಯಾಗಿಯೇ ಇತ್ತು. ಆಕಾಶ ಇರುವ ಶಾಟ್ ಸಿಗದೆ ಹೋಗಿದ್ದರೆ? ಅದಕ್ಕೇ ಈಗ ಹುಡುಗನಿಗೆ ಹೇಳಿದ್ದೇನೆ: ಲೆನ್ಸಿನಲ್ಲಿ ಧೂಳು ಕಂಡರೆ ಮೊದಲು ಜೂಮ್, ಅಪರ್ಚರ್ ಏನೂ ಮುಟ್ಟದೆ ಬರೀ ಆಕಾಶ ಎರಡು ಸೆಕೆಂಡು ತೆಗಿ, ಆಮೇಲೆ ಒರೆಸು. ಅವನಿಗೆ ನನ್ನ ತಲೆ ಸರಿಯಿಲ್ಲ ಅನಿಸಿದೆ.

ಪೂರ್ತಿ ಗೆದ್ದೆ ಅನ್ನಲಾರೆ. ಎತ್ತಿದ ಜಾಗದಲ್ಲಿ ನಾಯ್ಸ್ ಕೂಡ ಅಷ್ಟೇ ಪಟ್ಟು ಏಳುತ್ತದೆ, ಅಲ್ಲಿ ಸ್ವಲ್ಪ ಡಿನಾಯ್ಸ್ ಹಾಕಬೇಕಾಯಿತು. ಕೊನೆಯ 50 ಫ್ರೇಮಿನಲ್ಲಿ ಕ್ಯಾಮೆರಾ ಬಿಸಿಲಿನ ಕಡೆ ತಿರುಗಿತ್ತು. ಸೂರ್ಯ ಫ್ರೇಮಿನಲ್ಲಿ ಇರಲಿಲ್ಲ, ಬಿಸಿಲು ಮಾತ್ರ ನೇರ ಗಾಜಿಗೆ ಹೊಡೆಯುತ್ತಿತ್ತು. ಆಗ ಧೂಳು ಬೆಳಕು ತಡೆಯುವುದರ ಜೊತೆಗೆ ತಾನೇ ಹೊಳೆಯಲು ಶುರು ಮಾಡುತ್ತದೆ, ಭಾಗಾಕಾರ ಅಲ್ಲಿ ಸುಳ್ಳಾಗುತ್ತದೆ. ಪುಣ್ಯಕ್ಕೆ ಅಲ್ಲಿ ಬರೀ ಗುಡ್ಡ. ಹತ್ತು ಫ್ರೇಮ್ ಹಿಂದಿನ ಸಾಲ ನಡೆಯಿತು, ಎತ್ತಿದ ಫ್ರೇಮಿನಿಂದಲ್ಲ, ಮೂಲದಿಂದಲೇ ತಂದೆ. ಕಾಂಟ್ರಾಸ್ಟ್ ಪೂರ್ತಿ ಏರಿಸಿ, ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ ನೋಡಿದೆ. ಚುಕ್ಕೆ ಅಡಗಿದ್ದರೆ ಹಾಗೆ ಓಡಿಸಿದಾಗ ಹೊರಬರುತ್ತದೆ. ಬರಲಿಲ್ಲ.

ಎನ್‌ಡಿ ಈಗ ಬ್ಯಾಗಿನಲ್ಲಿ ಇರುವುದಿಲ್ಲ, ಲೆನ್ಸಿಗೇ ತಿರುವಿ ಇಟ್ಟಿದ್ದೇನೆ. 64 ಪಟ್ಟಿನದು, ಅದೇ ಬಿಸಿಲಿಗೆ ಎಫ್ 2.8 ಸಾಕು. ಮೊನ್ನೆ ಸಂಡೂರಿಗೆ ಮತ್ತೆ ಹೋಗಿದ್ದೆವು. ವಾಪಸ್ ಬರುವಾಗ ನೋಡಿದರೆ ಆ ಫಿಲ್ಟರಿನ ಮೇಲೇ ಕೆಂಪಗೆ ಮೂರು ಕಣ ಕೂತಿದ್ದವು. ಹುಡುಗ ಟೀ ಶರ್ಟಿಗೆ ಕೈ ಹಾಕಿದ. ನಾನು ಬ್ಲೋವರ್ ಕೊಟ್ಟೆ. ಎರಡು ಹಾರಿದವು, ಒಂದು ಹಾರಲಿಲ್ಲ. ಬೆಳಕು ಹೋಗುತ್ತಿತ್ತು, ಅದನ್ನು ಇಟ್ಟುಕೊಂಡೇ ಕೊನೆಯ ಶಾಟ್ ತೆಗೆದೆವು.