ಟ್ಯೂಷನ್ ತಪ್ಪಿದಾಗ ಮೇಡಂಗೆ ಬರೆಯುವ ಸಂದೇಶ

ಮಕ್ಕಳ ಟ್ಯೂಷನ್ ತಪ್ಪಿದಾಗ ಪೋಷಕರು ಕಳುಹಿಸುವ ಸಂದೇಶ ಸಾಮಾನ್ಯವಾಗಿ ಎರಡೇ ಸಾಲಿನದು: ಜ್ವರವಿತ್ತು, ತಪ್ಪಿದ ತರಗತಿಗಳನ್ನು ಭಾನುವಾರ ತೆಗೆದುಕೊಳ್ಳಿ. ಶುಲ್ಕ ಕೊಟ್ಟಷ್ಟು ಗಂಟೆಗಳು ಭರ್ತಿಯಾಗಬೇಕೆಂಬ ಲೆಕ್ಕ ಅದರಲ್ಲಿರುತ್ತದೆಯೇ ಹೊರತು, ಆ ದಿನಗಳಲ್ಲಿ ಯಾವ ಪಾಠ ನಡೆದುಹೋಯಿತು ಎಂಬ ವಿಚಾರವೇ ಇರುವುದಿಲ್ಲ. ಸಂದೇಶ ಪಾಠದಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಮಗಳು ಹುಷಾರಿಲ್ಲದೆ ಮನೆಯಲ್ಲಿದ್ದಾಗ ಅವಳ ಗುಂಪಿನಲ್ಲಿ ಭಿನ್ನರಾಶಿಗಳ ಸಂಕಲನ ಮುಗಿದು, ಅವಳು ಮರಳುವ ಹೊತ್ತಿಗೆ ಸಮೀಕರಣ ಶುರುವಾಗಿತ್ತು. x/3 + x/4 = 7 ಎಂಬ ಲೆಕ್ಕಕ್ಕೆ ಅವಳ ಪುಸ್ತಕದಲ್ಲಿ 2x/7 = 7 ಎಂಬ ಸಾಲಿತ್ತು; ಅಲ್ಲಿಂದ ಮುಂದಿನ ಹೆಜ್ಜೆಗಳೆಲ್ಲ ಸರಿಯಾಗಿದ್ದರೂ ಉತ್ತರ 49/2 ಬಂದಿತ್ತು. ಮೇಲ್ನೋಟಕ್ಕೆ ಸಮೀಕರಣವೇ ಅರ್ಥವಾಗಿಲ್ಲ ಎನಿಸುತ್ತದೆ. ಆದರೆ 2/3 + 1/4 ಎಷ್ಟು ಎಂದು ಬರೆಸಿ ನೋಡಿದರೆ 3/7 ಎಂದಳು. ಅಂದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಳು. ಛೇದಗಳ ಲ.ಸಾ.ಅ. 12 ಎಂದು ಹಿಡಿದು 11/12 ತರುವುದು ಬಂದಿದ್ದರೆ, ಸಮೀಕರಣವನ್ನೂ 12ರಿಂದ ಗುಣಿಸಿ 4x + 3x = 84 ಮಾಡಿ, x = 12 ಎಂದು ತಾನೇ ಬಿಡಿಸುತ್ತಿದ್ದಳು. ಕೊರತೆಯಿದ್ದದ್ದು ಆ ಒಂದೇ ಹೆಜ್ಜೆಯಲ್ಲಿ.

ಹೀಗಾಗಿ ನಾನು ಬರೆದದ್ದು ಇಷ್ಟು: "ಮೇಡಂ, ನಮಸ್ಕಾರ. ಮಗಳು ಬಾರದಿದ್ದ ದಿನಗಳಲ್ಲಿ ಭಿನ್ನರಾಶಿಗಳ ಸಂಕಲನ ನಡೆದಿದೆ. ಬೇರೆ ಬೇರೆ ಛೇದಗಳಿದ್ದಾಗ ಅವಳಿಗೆ ತೊಡಕಾಗುತ್ತಿದೆ. ಅವಳು ಮಾಡಿದ ಲೆಕ್ಕದ ಚಿತ್ರ ಕಳುಹಿಸಿದ್ದೇನೆ. ತಪ್ಪಿದ ತರಗತಿಗಳನ್ನೆಲ್ಲ ಮತ್ತೆ ಮಾಡಬೇಕಾಗಿಲ್ಲ. ಮಂಗಳವಾರ ಅಥವಾ ಶುಕ್ರವಾರ ಗುಂಪಿನ ತರಗತಿಗೆ ಮುಂಚೆ ಅರ್ಧ ಗಂಟೆ ಬಿಡುವಾದೀತೇ? ಈ ಪಾಠ ಮುಗಿಯುವವರೆಗೆ ಮಾತ್ರ ಈ ಬದಲಾವಣೆ. ಆಮೇಲೆ ಹಳೆಯ ವೇಳೆಗೇ ಬರುತ್ತಾಳೆ. ಇದಕ್ಕೆ ಪ್ರತ್ಯೇಕ ಶುಲ್ಕವಿದ್ದರೆ ದಯವಿಟ್ಟು ಮೊದಲೇ ತಿಳಿಸಿ."

ಇದರಲ್ಲಿ ಎರಡು ದಿನಗಳನ್ನು ಸೂಚಿಸಿರುವುದಕ್ಕೆ ಕಾರಣವಿದೆ. "ನಿಮಗೆ ಯಾವಾಗ ಅನುಕೂಲವೋ ಆವಾಗ" ಎನ್ನುವುದು ವಿನಯವಾಗಿ ಕಂಡರೂ, ಹಲವು ಗುಂಪುಗಳಿಗೆ ಪಾಠ ಹೇಳುವವರ ಮೇಲೆ ವೇಳೆ ಹುಡುಕುವ ಹೊರೆಯನ್ನೂ ಹೊರಿಸುತ್ತದೆ. ಒಂದೇ ದಿನ ಹೇಳಿದರೆ ಅದು ಅಪ್ಪಣೆಯಂತೆ ಕೇಳಿಸುತ್ತದೆ. ತರಗತಿ ಮುಗಿದ ಮೇಲೆ ಎಂದು ಕೇಳದಿದ್ದುದಕ್ಕೂ ಕಾರಣವುಂಟು: ಆ ಹೊತ್ತಿಗೆ ಮಕ್ಕಳು ದಣಿದಿರುತ್ತಾರೆ, ಅಲ್ಲದೆ ಆ ದಿನದ ಪಾಠಕ್ಕೆ ಬೇಕಾದ ಹೆಜ್ಜೆಯನ್ನು ಪಾಠ ಮುಗಿದ ಮೇಲೆ ಕಲಿತು ಪ್ರಯೋಜನವಿಲ್ಲ. ಬದಲಾವಣೆ ಎಲ್ಲಿಯವರೆಗೆ ಎಂಬುದನ್ನು ಬರೆಯದೆ ಬಿಟ್ಟರೆ, ಯಾವ ವೇಳೆಗೆ ಬರಬೇಕೆಂಬ ಗೊಂದಲ ಮಗುವಿನ ಪಾಲಾಗುತ್ತದೆ. ಈ ಮಾತನ್ನು ಮಗುವಿನ ಬಾಯಲ್ಲಿ ಹೇಳಿ ಕಳುಹಿಸುವುದಂತೂ ನನಗೆ ಸರಿ ಕಾಣುವುದಿಲ್ಲ. ಶುಲ್ಕದ ವಿಷಯವನ್ನು ಅದೇಕೆ ಹೊರಬೇಕು?

ಮೇಡಂ ಶುಕ್ರವಾರವನ್ನು ಒಪ್ಪಿಕೊಂಡರು. ಜೊತೆಗೆ, ಲ.ಸಾ.ಅ. ಕಂಡುಹಿಡಿಯುವುದೇ ಮರೆತಿದೆಯೋ ಅಥವಾ ಅದನ್ನು ಇಲ್ಲಿ ಬಳಸಬೇಕೆಂಬುದು ತಿಳಿದಿಲ್ಲವೋ ಎಂದು ನೋಡಲು, ಅಷ್ಟರೊಳಗೆ ಮನೆಯಲ್ಲಿ ಬಿಡಿಸಲು ನಾಲ್ಕಾರು ಲೆಕ್ಕಗಳನ್ನೂ ಕಳುಹಿಸಿದರು.