ಹೊಸ ಪೇಂಟ್ ನೋಡಿ ಹಳೇ ಲೇತ್ ತಗೋಬೇಡಿ

"ಹಳೇ ಲೇತ್ ಮಾರೋಕೆ ಒಂದು ಆ್ಯಪ್ ಮಾಡಿ ಫೋಟೋ ಹಾಕಿದ್ರೆ ಸಾಲ್ದಾ?"

ಸಾಲಲ್ಲ ಸರ್, ಫೋಟೋದಲ್ಲಿ ಕಾಣೋದು ಪೇಂಟ್ ಮಾತ್ರ. ಲೇತ್‌ನಲ್ಲಿ ಟೂಲ್ ಹಿಡಿದ ಕ್ಯಾರೇಜ್ ಜಾರೋ ಬೆಡ್ ಸವೆಯೋದು ಪೀಸ್ ಹಿಡಿಯೋ ಚಕ್ ಹತ್ರನೇ, ಯಾಕಂದ್ರೆ ಮುಕ್ಕಾಲು ಪಾಲು ಕೆಲ್ಸ ಸಣ್ಣ ಪೀಸ್‌ಗಳದ್ದು, ಕ್ಯಾರೇಜ್ ಅಲ್ಲೇ ಹಿಂದೆ ಮುಂದೆ ಓಡಾಡ್ತಿರುತ್ತೆ. ಟೆಸ್ಟ್ ಸುಲಭ. ಕ್ಯಾರೇಜ್‌ನ ಚಕ್ ಹತ್ರ ತಂದು ಅದರ ಲಾಕ್ ಬೋಲ್ಟ್ ಸ್ವಲ್ಪ ಹಿಡಿಯೋ ಹಾಗೆ ಟೈಟ್ ಮಾಡಿ ಹ್ಯಾಂಡ್‌ವೀಲ್ ನಿಧಾನಕ್ಕೆ ತಿರುಗಿಸ್ತಾ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆ ತಗೊಂಡು ಹೋಗಿ, ಹೋಗ್ತಾ ಹೋಗ್ತಾ ಬಿಗಿಯಾಯ್ತು ಅಂದ್ರೆ ಚಕ್ ಹತ್ರ ಬೆಡ್ ಸವೆದಿದೆ ಅಂತ ಅರ್ಥ. ಅಂಥ ಮಷೀನಲ್ಲಿ ಉದ್ದ ಶಾಫ್ಟ್ ಹೊಡೆದ್ರೆ ಒಂದೊಂದು ಕಡೆ ಒಂದೊಂದು ಸೈಜ್ ಬರುತ್ತೆ. ಬೆಡ್ ಗ್ರೈಂಡ್ ಮಾಡಿಸ್ಬಹುದು, ಆದ್ರೆ ಆಮೇಲೆ ಬೆಡ್ ಮೇಲೆ ಕೂರೋ ಕ್ಯಾರೇಜ್‌ನ ಸ್ಯಾಡಲ್ ಕೂಡ ಹೊಸದಾಗಿ ಕೂರಿಸ್ಬೇಕು, ಹಳೇ ಮಷೀನ್ ರೇಟಿಗಿಂತ ಅದೇ ಜಾಸ್ತಿ ಆಗೋದೂ ಉಂಟು.

ಅದಕ್ಕೇ ನನ್ನ ಐಡಿಯಾ ಏನಂದ್ರೆ ಈ ಟೆಸ್ಟ್‌ನ ಕಟ್ ಮಾಡದ ವಿಡಿಯೋ ಇಲ್ದೆ ಲಿಸ್ಟಿಂಗೇ ಹಾಕೋಕೆ ಬಿಡಬಾರದು, ಜೊತೆಗೆ ಚಕ್ ತಿರುಗಿಸೋ ಸ್ಪಿಂಡಲ್ ಓಲಾಡುತ್ತಾ ಅಂತ ಗೊತ್ತಾಗೋಕೆ ಅದರ ಟೇಪರ್‌ಗೆ ಡಯಲ್ ಗೇಜ್ ಇಟ್ಟು ಕೈಯಲ್ಲಿ ಒಂದು ಸುತ್ತು ತಿರುಗಿಸೋ ವಿಡಿಯೋನೂ ಬೇಕು. ಮಾರೋರಿಗೆ ಗೇಜ್ ಇಲ್ಲಾಂದ್ರೆ ಅಕ್ಕಪಕ್ಕದ ಟರ್ನರ್ ಒಬ್ರು ಹೋಗಿ ಚೆಕ್ ಮಾಡ್ಲಿ, ಅವ್ರ ಫೀಸ್ ತಗೊಳೋರು ಕೊಡ್ಬೇಕು, ಮಾರೋರು ಕೊಟ್ರೆ ರಿಪೋರ್ಟ್ ಯಾವ ಕಡೆ ವಾಲುತ್ತೆ ಅಂತ ಹೇಳ್ಬೇಕಾ 😄

ಇನ್ನೊಂದು, ಸರ್ಚ್‌ನಲ್ಲಿ ಬ್ರ್ಯಾಂಡ್‌ಗಿಂತ ಮೊದ್ಲು ಕರೆಂಟ್ ಕೇಳಿ. ಸಿಂಗಲ್ ಫೇಸ್ ಇರೋರಿಗೆ ತ್ರೀ ಫೇಸ್ ಮೋಟರ್ ಮಷೀನ್ ಸಿಕ್ಕಿದ್ರೆ ಸಣ್ಣ ಮೋಟರ್ ಆದ್ರೆ ಸಿಂಗಲ್ ಫೇಸನ್ನ ತ್ರೀ ಫೇಸ್ ಮಾಡೋ ಡ್ರೈವ್ ಹಾಕಿ ಓಡಿಸ್ಬಹುದು, ದೊಡ್ಡದಾದ್ರೆ ಮೋಟರೇ ಬದಲಾಯಿಸೋದು ಇಲ್ಲ ಹೊಸ ಕನೆಕ್ಷನ್ ತಗೊಳೋದು, ಆ ಖರ್ಚನ್ನ ಲಿಸ್ಟಿಂಗಲ್ಲಿ ಯಾರೂ ಬರೆಯಲ್ಲ.