ಅಜ್ಜಿ ಕಥೆಯ "ಹ್ಞೂಂ" ಪಾಡ್‌ಕಾಸ್ಟಿನಲ್ಲಿ ಎಲ್ಲಿ ಹೋಯಿತು?

ಅಜ್ಜಿ ಕಥೆಗಳನ್ನು ಪಾಡ್‌ಕಾಸ್ಟಿಗೆ ತರುವವರು ಈಗ ಜಾಸ್ತಿಯಾಗಿದ್ದಾರೆ. ನನಗೆ ಇದು ನಿಜವಾಗಿಯೂ ಖುಷಿಯ ವಿಷಯ. ಆದರೆ ಎಷ್ಟೋ ಕಂತುಗಳನ್ನು ಕೇಳುವಾಗ ಒಂದೇ ಕೊರತೆ ಕಾಡುತ್ತದೆ. ಕಥೆ ಅದೇ, ದನಿ ಚೆನ್ನಾಗಿದೆ, ಹಿಂದೆ ಮಳೆ ಸದ್ದೂ ಇದೆ. ಆದರೂ ಯಾರೋ ಪುಸ್ತಕ ಓದುತ್ತಿದ್ದಾರೆ ಅನ್ನಿಸುತ್ತದೆ, ಕಥೆ ಹೇಳುತ್ತಿದ್ದಾರೆ ಅನ್ನಿಸುವುದಿಲ್ಲ. ತಪ್ಪು ಓದುವವರದ್ದಲ್ಲ. ಸ್ಕ್ರಿಪ್ಟ್ ಬರೆಯುವ ಹೊತ್ತಿಗೇ ಕಥೆಯ ಲಯ ಹೋಗಿರುತ್ತದೆ.

ಎಲ್ಲರಿಗೂ ಗೊತ್ತಿರುವ ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳೋಣ. ಸ್ಕ್ರಿಪ್ಟಿನಲ್ಲಿ ಅದು ಸಾಮಾನ್ಯವಾಗಿ ಹೀಗೆ ಬರುತ್ತದೆ:

"ಜೋರಾಗಿ ಮಳೆ ಸುರಿದು ಸಗಣಿಯಿಂದ ಕಟ್ಟಿದ್ದ ಕಾಗಕ್ಕನ ಮನೆ ಕೊಚ್ಚಿಹೋಯಿತು. ಅವಳು ಗುಬ್ಬಕ್ಕನ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಗುಬ್ಬಕ್ಕ ಒಂದಲ್ಲ ಒಂದು ನೆಪ ಹೇಳುತ್ತಾ ಬಹಳ ಹೊತ್ತು ಬಾಗಿಲು ತೆಗೆಯಲಿಲ್ಲ."

ವ್ಯಾಕರಣ ಸರಿ ಇದೆ, ಕಥೆಯೂ ಪೂರ್ತಿ ಇದೆ. ಈಗ ಬಾಯಲ್ಲಿ ಹೇಳುವ ರೀತಿ ನೋಡಿ:

"ಮಳೆ ಬಂತಂತೆ. ಎಂಥಾ ಮಳೆ? ಧೋ ಅಂತ ಮಳೆ. ಮಳೆ ಬಂದು ಬಂದು ಬಂದು, ಕಾಗಕ್ಕನ ಮನೆ ನೆನೀತಂತೆ. ನೆಂದು ನೆಂದು, ಕರಗೇ ಹೋಯ್ತಂತೆ. ಮನೆ ಕರಗಿಹೋದ್ಮೇಲೆ ಕಾಗಕ್ಕ ಏನ್ ಮಾಡ್ತಾಳೆ? ಹಾರ್ಕೊಂಡು ಹಾರ್ಕೊಂಡು ಗುಬ್ಬಕ್ಕನ ಮನೆಗೆ ಬಂದ್ಲಂತೆ. ಬಂದು, ಬಾಗಿಲು ತಟ್ಟಿದ್ಲಂತೆ."

ಒಂದು ಮಾತು ಎಲ್ಲಿ ಮುಗಿಯಿತೋ ಅದನ್ನೇ ಹಿಡಿದುಕೊಂಡು ಮುಂದಿನ ಮಾತು ಶುರುವಾಗುತ್ತದೆ. ನೆನೀತಂತೆ, ನೆಂದು ನೆಂದು. ಕರಗೇ ಹೋಯ್ತಂತೆ, ಕರಗಿಹೋದ್ಮೇಲೆ. ಬಂದ್ಲಂತೆ, ಬಂದು. ಕಾಗದದ ಮೇಲೆ ಇದು ಹೇಳಿದ್ದನ್ನೇ ಹೇಳಿದ ಹಾಗೆ ಕಾಣುತ್ತದೆ. ತಿದ್ದುವವರು ಮೊದಲು ಹೊಡೆದು ಹಾಕುವುದೂ ಇದನ್ನೇ. ಆದರೆ ಕಿವಿಗೆ ಪುಟ ತಿರುಗಿಸಿ ಹಿಂದೆ ನೋಡುವ ಅವಕಾಶ ಇಲ್ಲ ಅಲ್ವಾ? ಕೇಳುವವರ ಗಮನ ಒಂದು ಕ್ಷಣ ತಪ್ಪಿದರೂ ಮುಂದಿನ ಮಾತು ಅವರನ್ನು ಹಿಂದಿನ ಜಾಗದಿಂದ ಕೈಹಿಡಿದು ಕರೆತರುತ್ತದೆ. ಮುಂದೇನು ಅಂತ ಯೋಚಿಸಲು ಹೇಳುವವರಿಗೂ ಒಂದು ಉಸಿರಿನಷ್ಟು ಸಮಯ ಸಿಗುತ್ತದೆ. ಪಾಡ್‌ಕಾಸ್ಟ್ ಕೇಳುವವರು ಸಾಮಾನ್ಯವಾಗಿ ಇನ್ನೊಂದು ಕೆಲಸ ಮಾಡುತ್ತಲೇ ಕೇಳುತ್ತಾರೆ. ಅವರಿಗಂತೂ ಈ ಕೊಂಡಿ ಇನ್ನೂ ಹೆಚ್ಚು ಬೇಕು.

ಹಾಗಾಗಿ ಸ್ಕ್ರಿಪ್ಟನ್ನು ಬಾಯಿ ಹೇಳುವ ಹಾಗೆಯೇ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. "ಬಂದಳಂತೆ" ಅಂತ ಬರೆದರೆ ಮೈಕಿನ ಮುಂದೆ ಓದುವ ದನಿ ಬರುತ್ತದೆ. "ಬಂದ್ಲಂತೆ" ಅಂತ ಬರೆದರೆ ಹೇಳುವ ದನಿ ಬರುತ್ತದೆ. ಒಂದು ಉಸಿರಿಗೆ ಒಂದು ಸಾಲು, ಅಷ್ಟೇ. ಸಾಲು ಮುರಿದ ಕಡೆ ಉಸಿರು ತೆಗೆದುಕೊಳ್ಳುವುದು. ಇಷ್ಟಾದ ಮೇಲೂ ಓದಿದ ಹಾಗೆ ಕೇಳಿಸಿದರೆ ಕಾಗದ ಮಡಚಿಟ್ಟು ನೆನಪಿನಿಂದ ಹೇಳಿ. ಪದ ಆಚೀಚೆ ಆದರೆ ಆಗಲಿ.

ಇನ್ನು "ಹ್ಞೂಂ". ಅಜ್ಜಿ ಕಥೆ ಒಬ್ಬರು ಹೇಳಿ ಇನ್ನೊಬ್ಬರು ಸುಮ್ನೆ ಕೇಳುವ ಕಥೆ ಅಲ್ಲ. ಪ್ರತಿ "ಅಂತೆ" ಆದ ಮೇಲೆ ಮಗು ಹ್ಞೂಂಗುಡಬೇಕು. ಹ್ಞೂಂ ನಿಂತರೆ ಅಜ್ಜಿ "ಮಲಗಿಬಿಟ್ಯಾ?" ಅಂತ ಕೇಳುತ್ತಾಳೆ. ಹ್ಞೂಂ ಜೋರಾದರೆ ಕಥೆಗೂ ಓಟ ಬರುತ್ತದೆ, ಹ್ಞೂಂ ಮೆಲ್ಲಗಾದರೆ ಕಥೆಯೂ ನಿಧಾನವಾಗುತ್ತದೆ. ಮೈಕಿನ ಮುಂದೆ ಒಬ್ಬರೇ ಕೂತಾಗ ಇದೇ ಮಾಯವಾಗುವುದು. ಎದುರಿಗೆ ತಡೆಯುವವರು ಯಾರೂ ಇಲ್ಲದ್ದರಿಂದ ಮಾತು ಓಡಲು ಶುರುವಾಗುತ್ತದೆ.

ಕೆಲವರು ಇನ್ನೊಬ್ಬ ದೊಡ್ಡವರಿಂದ ಹ್ಞೂಂ ಅನ್ನಿಸಿ ಆಮೇಲೆ ಸೇರಿಸುತ್ತಾರೆ. ಕಥೆ ಕೇಳದೆ ಹೇಳಿದ ಹ್ಞೂಂ ಅದು. ಎರಡು ನಿಮಿಷದಲ್ಲೇ ಕಿರಿಕಿರಿ ಶುರುವಾಗುತ್ತದೆ. ನನಗೆ ಸರಿ ಅನ್ನಿಸುವ ದಾರಿ ಬೇರೆ. ರೆಕಾರ್ಡ್ ಮಾಡುವಾಗ ಎದುರಿಗೆ ನಿಜವಾಗಿ ಕಥೆ ಕೇಳುವ ಒಬ್ಬರನ್ನು, ಸಾಧ್ಯವಾದರೆ ಮಗುವನ್ನೇ ಕೂರಿಸಿ. ಅವರು ಮೈಕಿನಿಂದ ದೂರ ಕೂತು ಹ್ಞೂಂಗುಡಲಿ. ಮಗುವಿನ ಹ್ಞೂಂ ಚೆನ್ನಾಗಿ ಬಂದಿದ್ದರೆ ಹಾಗೇ ಉಳಿಸಿಕೊಳ್ಳಿ. ಇಲ್ಲದಿದ್ದರೆ ಎಡಿಟಿಂಗಿನಲ್ಲಿ ಆ ಸದ್ದನ್ನು ಮಾತ್ರ ತೆಗೆಯಿರಿ, ಅದರ ಜಾಗ ತೆಗೆಯಬೇಡಿ. ಮೊಬೈಲ್ ಹಿಡಿದು ಕೇಳುವ ಮಗು ತನ್ನ ಹ್ಞೂಂ ಹಾಕುವುದು ಅಲ್ಲೇ.

ಆ ಜಾಗವನ್ನು ಪೂರ್ತಿ ಮೌನದಿಂದ ತುಂಬಿದರೂ ಕಷ್ಟ. ಸದ್ದೇ ಇಲ್ಲದ ಖಾಲಿ ಬಂದರೆ ನೆಟ್‌ವರ್ಕ್ ಹೋಯಿತೇನೋ ಅನ್ನಿಸುತ್ತದೆ. ಅದಕ್ಕೇ ಶುರುವಿನಲ್ಲೇ ಯಾರೂ ಮಾತಾಡದೆ ಕೋಣೆಯ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ಹ್ಞೂಂ ತೆಗೆದ ಕಡೆ ಅದರ ತುಣುಕು ಹಾಕಬೇಕು. ಆಮೇಲೆ ಮೌನವನ್ನು ತಾನಾಗಿ ಕತ್ತರಿಸುವ ಸೌಲಭ್ಯಗಳ ಹತ್ತಿರವೂ ಹೋಗಬಾರದು. ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ತಂತ್ರಾಂಶದಲ್ಲಿ Truncate Silence ಅಂತ ಒಂದಿದೆ. ಸಂದರ್ಶನಗಳಿಗೆ ಒಳ್ಳೆಯದು. ಅಜ್ಜಿ ಕಥೆಗೆ ಹಾಕಿದರೆ ಮಗು ಹ್ಞೂಂ ಅನ್ನುವ ಜಾಗವೆಲ್ಲ ಒಂದೇ ಸಲಕ್ಕೆ ಹೋಗಿಬಿಡುತ್ತದೆ.

ಬಾಗಿಲು ತಟ್ಟುವ ಭಾಗಕ್ಕೆ ಬರೋಣ. ಕಥೆಯ ಜೀವ ಇರುವುದೇ ಇಲ್ಲಿ.

"ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿಯೇ."
"ತಾಳೇ ಕಾಗಕ್ಕ, ಮಗೂಗೆ ನೀರು ಹಾಕ್ತಾ ಇದೀನಿ."

ಆಮೇಲೆ ಮಗುವಿಗೆ ಬಟ್ಟೆ ಹಾಕಬೇಕು, ಊಟ ಮಾಡಿಸಬೇಕು, ತೊಟ್ಟಿಲು ತೂಗಬೇಕು. "ಹೀಗೆ ಹಲವು ಬಾರಿ" ಅಂತ ಸ್ಕ್ರಿಪ್ಟಿನಲ್ಲಿ ಬರೆದರೆ ಕಥೆ ಅಲ್ಲೇ ಮುಗಿಯಿತು. ಪ್ರತಿ ಸಲವೂ ಪೂರ್ತಿ ಹೇಳಬೇಕು. ಕಾಗಕ್ಕನ ಸಾಲು ಒಂದು ಅಕ್ಷರವೂ ಬದಲಾಗಬಾರದು. ಗುಬ್ಬಕ್ಕನ ಸಾಲಿನಲ್ಲಿ ಕೆಲಸ ಮಾತ್ರ ಬದಲಾಗಬೇಕು. ಬೇಜಾರಾಗಬಾರದು ಅಂತ ಒಂದು ಸಲ "ದಯವಿಟ್ಟು ತೆಗಿ", ಇನ್ನೊಂದು ಸಲ "ಬೇಗ ತೆಗಿ" ಅಂತ ಬರೆದರೆ ಮಕ್ಕಳಿಗೆ ಸೇರಿಕೊಳ್ಳಲು ಜಾಗವೇ ಸಿಗುವುದಿಲ್ಲ. ಸರಿಯಾಗಿದೆಯಾ ಅಂತ ತಿಳಿಯುವುದು ಸುಲಭ. ಮೂರನೇ ಸಲದ ಹೊತ್ತಿಗೆ ಕೇಳುವ ಮಗು ನಿಮಗಿಂತ ಮೊದಲೇ "ಗುಬ್ಬಕ್ಕ ಗುಬ್ಬಕ್ಕ" ಅನ್ನಬೇಕು.

ಪದ ಒಂದೇ ಆದರೂ ದನಿ ಒಂದೇ ಇರಬಾರದು. ಮೊದಲ ಸಲ ಕಾಗಕ್ಕನ ದನಿಯಲ್ಲಿ ಗತ್ತು ಇರುತ್ತದೆ. ಕೊನೆಯ ಸಲ ಚಳಿಯಲ್ಲಿ ನಡುಗುತ್ತಿರುತ್ತಾಳೆ. ಸಮಯ ಉಳಿಸಲು ಒಂದೇ ತುಣುಕನ್ನು ನಾಲ್ಕು ಕಡೆ ಅಂಟಿಸುವವರಿದ್ದಾರೆ. ಕಿವಿ ಅದನ್ನು ತಕ್ಷಣ ಹಿಡಿಯುತ್ತದೆ. ಮಳೆ ಸದ್ದನ್ನೂ ಈ ಮಾತುಗಳ ಕೆಳಗೆ ಹಾಕಬೇಡಿ. "ಧೋ" ಅಂತ ಬಾಯಲ್ಲಿ ಹೇಳಿದ್ದು ಸಾಕು.

ಒಂದು ಕಡೆ ಮಾತ್ರ ಅಜ್ಜಿಯ ಮಾತನ್ನು ಬದಲಾಯಿಸಲೇಬೇಕು. ಅಜ್ಜಿ ಅರ್ಧ ಕಥೆಯನ್ನು ಕೈಯಲ್ಲೇ ಹೇಳುತ್ತಾಳೆ. "ಬಾಗಿಲು ಇಷ್ಟೇ ಇಷ್ಟು ತೆಗೆದ್ಲಂತೆ, ಹೀಗೆ ಇಣುಕಿದ್ಲಂತೆ." ಕೈ ಕಾಣದವರಿಗೆ ಈ "ಇಷ್ಟು", "ಹೀಗೆ" ಎಲ್ಲ ಖಾಲಿ. ಅದಕ್ಕೆ ಉದ್ದನೆಯ ವರ್ಣನೆ ಬೇಡ. "ಬಾಗಿಲು ಕಿರ್ರ್ ಅಂತ ಒಂದು ಬೆರಳಷ್ಟು ತೆಗೆದ್ಲಂತೆ. ಆ ಸಂದಿಯಿಂದ ಒಂದೇ ಕಣ್ಣು ಹಾಕಿ ನೋಡಿದ್ಲಂತೆ." ಲಯ ಅದೇ ಉಳಿಯಿತು, ಕೈ ಮಾಡುತ್ತಿದ್ದ ಕೆಲಸವನ್ನು ಸದ್ದು ಮತ್ತು ಅಳತೆ ಮಾಡಿದವು.

ಕೊನೆ ಒಂದೊಂದು ಮನೆಯಲ್ಲಿ ಒಂದೊಂದು ಥರ. ಯಾವುದನ್ನು ಆರಿಸಿಕೊಂಡರೂ ಅದರ ಹಿಂದೆ "ಈ ಕಥೆಯ ನೀತಿ ಏನೆಂದರೆ" ಅಂತ ಶುರುಮಾಡಬೇಡಿ ಅಂತ ನನ್ನ ಕೋರಿಕೆ. "ಅವರು ಅಲ್ಲಿದ್ದಾರೆ, ನಾವು ಇಲ್ಲಿದ್ದೀವಿ" ಅಂತ ಅಜ್ಜಿ ಮುಗಿಸಿದ ಮೇಲೆ ಮಕ್ಕಳು ಕೇಳುವ ಪ್ರಶ್ನೆಗಳು ಬೇಕಾದಷ್ಟಿರುತ್ತವೆ. ಗುಬ್ಬಕ್ಕ ಯಾಕೆ ಅಷ್ಟು ಹೊತ್ತು ಬಾಗಿಲು ತೆಗೀಲಿಲ್ಲ, ನಿಜವಾಗ್ಲೂ ಕೆಲಸ ಇತ್ತಾ? ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಅನ್ನುವ ಮಾತನ್ನು ಕಥೆಗಿಂತ ಮೊದಲೇ ಹೇಳಿ ಮುಗಿಸಿದರೆ, ಕೊನೆಗೆ ಆ ಪ್ರಶ್ನೆಗೆ ಜಾಗ ಉಳಿಯುತ್ತದೆ.